ಸೆನ್ಸರ್ ಉತ್ತರಿಸದಿದ್ದಾಗ ತಂತಿಯ ಮೇಲೆ ಏನು ನಡೆದಿರುತ್ತದೆ?

ತಾರಸಿಯ ಹವಾಮಾನ ಅಳೆಯಲೆಂದು ಇಎಸ್‌ಪಿ32 ಬೋರ್ಡಿಗೆ ಬಿಎಂಇ280 ಎಂದು ಕೊಂಡುತಂದ ಮಾಡ್ಯೂಲ್ ಜೋಡಿಸಿದ್ದೆ. ತಾಪಮಾನ, ಒತ್ತಡ, ತೇವಾಂಶ ಮೂರನ್ನೂ ಅಳೆಯುವ ಸೆನ್ಸರ್ ಅದು. ಪ್ರೋಗ್ರಾಂ ಓಡಿಸಿದರೆ ಬಂದದ್ದು `Sensor not found` ಎಂಬ ಒಂದೇ ಸಾಲು. ಸೆನ್ಸರ್‌ಗೆ ವಿದ್ಯುತ್ತೇ ತಲುಪಿಲ್ಲವೋ, ಕರೆದದ್ದು ಅದಕ್ಕೆ ಕೇಳಿಸಿಲ್ಲವೋ, ಅದು ಕೊಟ್ಟ ಉತ್ತರವನ್ನು ಪ್ರೋಗ್ರಾಂ ಒಪ್ಪಲಿಲ್ಲವೋ, ಆ ಸಾಲು ಹೇಳುವುದಿಲ್ಲ.

ಮೊದಲು ಮಲ್ಟಿಮೀಟರ್ ಹಿಡಿದೆ. ವೋಲ್ಟೇಜನ್ನು ಸೆನ್ಸರ್ ಮಾಡ್ಯೂಲಿನ ಕಾಲುಗಳಲ್ಲೇ ನೋಡಬೇಕು. ಬೋರ್ಡಿನ ಪಿನ್ನಿನಲ್ಲಿ ನೋಡಿದರೆ ನಡುವಿನ ಸಡಿಲ ತಂತಿ ಸಿಕ್ಕಿಬೀಳುವುದಿಲ್ಲ. 3.3 ವೋಲ್ಟ್ ಇತ್ತು. ಮುಂದೆ ಎಸ್‌ಡಿಎ, ಎಸ್‌ಸಿಎಲ್ ಎಂಬ ಎರಡು ಸಂಕೇತದ ತಂತಿಗಳು. ಐ2ಸಿ ಪದ್ಧತಿಯಲ್ಲಿ ಚಿಪ್ಪುಗಳು ಈ ತಂತಿಗಳನ್ನು ಸೊನ್ನೆಗೆ ಎಳೆಯುತ್ತವೆ ಅಷ್ಟೇ. ಬಿಟ್ಟಾಗ ಮೇಲಕ್ಕೆತ್ತುವ ಕೆಲಸ ಪುಲ್‌ಅಪ್ ರೆಸಿಸ್ಟರ್‌ಗಳದು. ಹಾಗಾಗಿ ಮಾತುಕತೆ ಇಲ್ಲದ ಹೊತ್ತಿನಲ್ಲಿ ಎರಡೂ 3.3ರ ಹತ್ತಿರ ನಿಂತಿರಬೇಕು. ಒಂದು ಸೊನ್ನೆಯಲ್ಲೇ ಕೂತಿದ್ದರೆ ಶಾರ್ಟ್ ಆಗಿದೆ, ಇಲ್ಲವೇ ಯಾವುದೋ ಚಿಪ್ ಹಿಡಿದುಕೊಂಡಿದೆ. ನಡುವೆ ಎಲ್ಲೋ ಓಲಾಡುತ್ತಿದ್ದರೆ ಪುಲ್‌ಅಪ್ ಇಲ್ಲದಿರಬಹುದು. ನನ್ನಲ್ಲಿ ಎರಡೂ ಸರಿಯಿದ್ದವು.

ಮಲ್ಟಿಮೀಟರಿನ ಕೆಲಸ ಅಲ್ಲಿಗೆ ಮುಗಿಯಿತು. ಸೆಕೆಂಡಿಗೆ ಒಂದು ಲಕ್ಷ ಬಿಟ್ ವೇಗದಲ್ಲಿ ಒಂದು ವಿಳಾಸವನ್ನು ಕೂಗಿ ಉತ್ತರ ಪಡೆಯಲು ಸುಮಾರು 90 ಮೈಕ್ರೊಸೆಕೆಂಡ್ ಸಾಕು. ಸೆಕೆಂಡಿಗೆ ಕೆಲವೇ ಬಾರಿ ಅಂಕಿ ಬದಲಿಸುವ ಮೀಟರಿಗೆ ಅದು ಕಾಣುವುದೇ ಇಲ್ಲ.

ತಂತಿಯ ಏರಿಳಿತಗಳನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಲಾಜಿಕ್ ಅನಲೈಸರಿನ ಎರಡು ಚಾನೆಲ್‌ಗಳನ್ನು ಆ ತಂತಿಗಳಿಗೂ ಗ್ರೌಂಡನ್ನು ಗ್ರೌಂಡಿಗೂ ಕೊಟ್ಟೆ. ಗ್ರೌಂಡ್ ಮರೆತರೆ ತೆರೆಯ ಮೇಲೆ ಬರುವ ಗೆರೆಗಳನ್ನು ನಂಬುವಂತಿಲ್ಲ. ಪಲ್ಸ್‌ವ್ಯೂ ತಂತ್ರಾಂಶದಲ್ಲಿ 4 ಮೆಗಾಹರ್ಟ್ಸ್ ವೇಗದಲ್ಲಿ ದಾಖಲಿಸಿ ಐ2ಸಿ ಡಿಕೋಡರ್ ಹಾಕಿದಾಗ `Address write: 77`, ಅದರ ಬೆನ್ನಿಗೇ `NACK` ಕಾಣಿಸಿತು. ವಿಳಾಸದ ಏಳು ಬಿಟ್, ಓದುವುದೋ ಬರೆಯುವುದೋ ಎಂದು ಹೇಳುವ ಒಂದು ಬಿಟ್ ಮುಗಿದ ಮೇಲೆ, ಒಂಬತ್ತನೆಯ ಕ್ಲಾಕಿನಲ್ಲಿ, ಕರೆಸಿಕೊಂಡ ಚಿಪ್ ಎಸ್‌ಡಿಎಯನ್ನು ಕೆಳಗೆಳೆದು 'ಇದ್ದೇನೆ' ಎನ್ನಬೇಕು. ಯಾರೂ ಎಳೆದಿರಲಿಲ್ಲ. ವಿಳಾಸ ನಿರ್ಧರಿಸುವ ಎಸ್‌ಡಿಒ ಕಾಲನ್ನು ಅಳೆದರೆ 0 ವೋಲ್ಟ್. ಹಾಗಿದ್ದಾಗ ಈ ಚಿಪ್ಪಿನ ವಿಳಾಸ `0x76`. ನಾನು ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದೆ.

ತಿದ್ದಿದೆ. `ACK` ಬಂತು. ಆದರೂ ಪ್ರೋಗ್ರಾಂ ಮಾತ್ರ ಅದೇ `Sensor not found` ಎಂದಿತು! ವಿಳಾಸ ಹುಡುಕಲು ಸ್ಕ್ಯಾನರ್ ಪ್ರೋಗ್ರಾಂ ಕೂಡ ಸಾಕಾಗುತ್ತಿತ್ತು, ಅನಲೈಸರಿನ ನಿಜವಾದ ಬೆಲೆ ತಿಳಿದದ್ದು ಇಲ್ಲಿ. ದಾಖಲೆಯಲ್ಲಿ ಮುಂದೆ ಸರಿದರೆ, ಲೈಬ್ರರಿಯು ಗುರುತಿನ ಸಂಖ್ಯೆ ಇರುವ `0xD0` ರಿಜಿಸ್ಟರನ್ನು ಕೇಳಿತ್ತು. ಸೆನ್ಸರ್ `58` ಎಂದು ಸ್ಪಷ್ಟವಾಗಿ ಉತ್ತರಿಸಿತ್ತು. ಬಿಎಂಇ280 ಆಗಿದ್ದರೆ `60` ಎನ್ನಬೇಕಿತ್ತು. `58` ಬಿಎಂಪಿ280ರ ಗುರುತು, ಅದರಲ್ಲಿ ತೇವಾಂಶದ ಭಾಗವೇ ಇಲ್ಲ. ಸಂಖ್ಯೆ ತಾಳೆಯಾಗದ ಕಾರಣ ಲೈಬ್ರರಿ ಅಲ್ಲೇ ನಿಂತಿತ್ತು.

ಬಿಎಂಪಿ280ರ ಲೈಬ್ರರಿ ಹಾಕಿ,

```
bmp.begin(0x76);
```

ಎಂದಾಗ ತಾಪಮಾನವೂ ಒತ್ತಡವೂ ಬಂದವು. ತೇವಾಂಶಕ್ಕೆ ಬೇರೆ ಸೆನ್ಸರ್ ತರಬೇಕಾಯಿತು.