ಸಂಜೆ ಐದಕ್ಕೆ ಗೇಟಿನ ಬಳಿ ನಿಲ್ಲುವವರು

ಪುಣೆಯ ಹಿರಿಯರ ಆರೈಕೆ ಕೇಂದ್ರಗಳಲ್ಲಿ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇರುವವರನ್ನು ನೋಡುವ ನನ್ನ ಬಳಿ ಮನೆಯವರು ಮತ್ತೆ ಮತ್ತೆ ಇಡುವ ಬೇಡಿಕೆ ಒಂದೇ: “ಡಾಕ್ಟ್ರೇ, ಸಂಜೆಯಾದರೆ ಅಪ್ಪ ಹೊರಗೆ ಹೋಗಬೇಕೆಂದು ಹಟ ಹಿಡಿಯುತ್ತಾರಂತೆ, ಸುಮ್ಮನೆ ಮಲಗುವ ಹಾಗೆ ಒಂದು ಮಾತ್ರೆ ಬರೆದುಕೊಡಿ.” ಅಪ್ಪನ ಮೇಲೆ ಪ್ರೀತಿ ಇಲ್ಲದೆ ಯಾರೂ ಹೀಗೆ ಕೇಳುವುದಿಲ್ಲ ಎಂದು ನನಗೆ ಗೊತ್ತು. ಆದರೂ ಅವರು ಗೇಟಿನ ಬಳಿ ಏಕೆ ಹೋಗುತ್ತಾರೆ ಎಂದು ಯಾರೂ ಕೇಳದಿರುವುದು ನನಗೆ ಪ್ರತಿ ಸಲವೂ ಬೇಸರ ತರಿಸುತ್ತದೆ.

ಒಬ್ಬರ ವಿಷಯವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಹೇಳುತ್ತೇನೆ. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಜೀವನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಹಿರಿಯರು ಅವರು. ಸಂಜೆ ಐದರ ಸುಮಾರಿಗೆ ಗೇಟು ಅಲ್ಲಾಡಿಸಿ, “ಹೊತ್ತಾಯಿತು, ಗಲ್ಲಾ ನೋಡಬೇಕು” ಎನ್ನುತ್ತಿದ್ದರು. ಮಾವಶಿಯರೆಂದು ಕರೆಯುವ ಅಲ್ಲಿನ ಆಯಾಗಳು ಮರಾಠಿಯಲ್ಲಿ “ಆಜೋಬಾ, ಬಸಾ”, ಅಂದರೆ ಅಜ್ಜ, ಕೂತುಕೊಳ್ಳಿ, ಎಂದು ಕೈ ಹಿಡಿದೆಳೆದರೆ ಹೊಡೆಯಲು ಬರುತ್ತಿದ್ದರು. ಮಗ ಫೋನಿನಲ್ಲಿ “ಅಪ್ಪ, ಹೋಟೆಲು ಮಾರಿ ಎಷ್ಟೋ ವರ್ಷವಾಯಿತು” ಎಂದು ನೆನಪಿಸಿದರೆ, ಅವರಿಗೆ ಆ ಸುದ್ದಿ ಪ್ರತಿದಿನವೂ ಹೊಸದಾಗಿ ಬಂದಂತಾಗಿ ಕಳವಳ ಹೆಚ್ಚುತ್ತಿತ್ತು.

ಮಾತ್ರೆ ಬರೆಯುವ ಬದಲು ಒಂದು ವಾರ ಪಟ್ಟಿ ಬರೆಯಲು ಹೇಳಿದೆ. ಎಷ್ಟು ಹೊತ್ತಿಗೆ ಆಯಿತು, ಅದಕ್ಕೆ ಸ್ವಲ್ಪ ಮೊದಲು ಏನಿತ್ತು, ಅವರು ಏನು ಮಾಡಿದರು, ಆಮೇಲೆ ಉಳಿದವರು ಏನು ಮಾಡಿದರು ಎಂಬ ನಾಲ್ಕೇ ಅಂಕಣ. “ಗಲಾಟೆ ಮಾಡಿದರು” ಎಂದು ಬರೆದರೆ ಉಪಯೋಗವಿಲ್ಲ, “ಬೀಗ ಎಳೆದರು, ಎರಡು ಸಲ ಹೊಟ್ಟೆ ಹಿಡಿದುಕೊಂಡರು” ಎಂದು ಬರೆದರೆ ಉಂಟು. ವಾರದ ಕೊನೆಗೆ ಪಟ್ಟಿಯಲ್ಲಿ ಎರಡು ಸಂಗತಿ ಎದ್ದು ಕಂಡವು. ಹಗಲು ಪಾಳಿಯವರು ಐದಕ್ಕೆ ಚೀಲ ಹೆಗಲಿಗೇರಿಸಿ ಆ ಗೇಟಿನಿಂದಲೇ ಮನೆಗೆ ಹೊರಡುತ್ತಿದ್ದರು. ಎಲ್ಲರೂ ಹೊರಡುವುದನ್ನು ಕಂಡವರಿಗೆ ತಾವೂ ಹೊರಡಬೇಕು ಅನ್ನಿಸುವುದು ಸಹಜ. ಇನ್ನೊಂದು, ಅತಿ ಜೋರು ಗಲಾಟೆಯ ದಿನಗಳೆಲ್ಲ ಅವರಿಗೆ ಮಲವಿಸರ್ಜನೆ ಆಗದೆ ಎರಡು ಮೂರು ದಿನ ಕಳೆದಿದ್ದ ದಿನಗಳಾಗಿದ್ದವು. ಹೊಟ್ಟೆ ಬಿಗಿದಿದೆ ಎಂದು ಹೇಳಲು ಅವರಿಗೆ ಮಾತು ಸಿಗುತ್ತಿರಲಿಲ್ಲ.

ಮಲಬದ್ಧತೆಗೆ ಚಿಕಿತ್ಸೆ ಕೊಟ್ಟೆವು. ಪಾಳಿ ಮುಗಿದವರು ಹಿಂಬಾಗಿಲಿನಿಂದ ಹೋಗತೊಡಗಿದರು. ನಾಲ್ಕೂಕಾಲಿಗೆ ಚಹಾ, ಬಾಳೆಹಣ್ಣು ಕೊಟ್ಟು ಒಬ್ಬರು ಜೊತೆಯಲ್ಲಿ ಅಂಗಳ ಸುತ್ತಿಸುತ್ತಿದ್ದರು. ಬಂದ ಮೇಲೆ ಸ್ಟೀಲ್ ಲೋಟಗಳನ್ನು ಎಣಿಸಿ ಜೋಡಿಸುವ ಕೆಲಸ ಅವರದು.

ಮಾತನಾಡುವ ರೀತಿಯನ್ನೂ ತಿದ್ದಿದೆವು. ಹಿಂದಿನಿಂದ ಕರೆಯದೆ ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಬಗ್ಗಿ, ಒಂದೇ ಚಿಕ್ಕ ವಾಕ್ಯ ಹೇಳಿ, ಉತ್ತರಕ್ಕೆ ಹತ್ತು ಸೆಕೆಂಡಾದರೂ ಕಾಯಬೇಕು. ನಾವು ಅವಸರದಲ್ಲಿ ಎರಡನೇ ಪ್ರಶ್ನೆ ಕೇಳಿದರೆ ಮೊದಲನೆಯದೂ ಕೈತಪ್ಪುತ್ತದೆ. ನಂತರ ಕಲಿತ ಭಾಷೆ ಅನೇಕರಲ್ಲಿ ಮೊದಲು ಸಡಿಲಗೊಳ್ಳುವುದರಿಂದ, “ಬನ್ನಿ”, “ಚಹಾ ಕುಡಿಯಿರಿ”, “ಹೊಟ್ಟೆ ನೋಯುತ್ತದೆಯೇ” ಎಂಬ ಕನ್ನಡ ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಮಾವಶಿಯರಿಗೆ ಕೊಟ್ಟೆವು. ಗಲ್ಲಾದ ಮಾತು ಬಂದಾಗ ಅದನ್ನು ಅಲ್ಲಗಳೆಯಬೇಕಿಲ್ಲ, ಸುಳ್ಳು ಆಶ್ವಾಸನೆಯನ್ನೂ ಕೊಡಬೇಕಿಲ್ಲ. “ಹೋಟೆಲಿನ ಚಿಂತೆ ಬಹಳ ಅಲ್ಲವೇ, ನಡೆಯುತ್ತಾ ಹೇಳಿ” ಎಂದರೆ ಸಾಕು. ಹಠ ಪೂರ್ತಿ ನಿಲ್ಲಲಿಲ್ಲ, ಕೆಲವು ಸಂಜೆ ಈಗಲೂ ಗೇಟಿಗೆ ಹೋಗುತ್ತಾರೆ. ಆದರೆ ಹೊಡೆತ ನಿಂತಿದೆ. ಎಲ್ಲರಲ್ಲೂ ಇಷ್ಟು ಬದಲಾವಣೆ ಬರುತ್ತದೆ ಎಂದು ಭರವಸೆ ಕೊಡಲಾರೆ.

ಮಾತ್ರೆಯ ಬಗ್ಗೆ ನನ್ನ ಎಚ್ಚರಕ್ಕೆ ಕಾರಣವಿದೆ. ಮನೋವಿಕಾರಕ್ಕೆ ಕೊಡುವ ಆಂಟಿಸೈಕೋಟಿಕ್ ಔಷಧಗಳು ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೊಸ ಬಗೆಯವುಗಳ ಬಗ್ಗೆ 2005ರಲ್ಲೇ, ಹಳೆಯ ಬಗೆಯವುಗಳ ಬಗ್ಗೆ 2008ರಲ್ಲಿ ಎಚ್ಚರಿಸಿತ್ತು. ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದಲ್ಲಂತೂ ಹ್ಯಾಲೊಪೆರಿಡಾಲ್‌ನಂಥವು ಮೈ ಬಿಗಿದು ಎಚ್ಚರ ತಪ್ಪುವವರೆಗೂ ಒಯ್ಯಬಲ್ಲವು. ತಮಗೋ ಇತರರಿಗೋ ನಿಜವಾದ ಅಪಾಯವಿದ್ದಾಗ, ಬೇರೆ ಕ್ರಮಗಳು ಫಲಿಸದಿದ್ದಾಗ ನಾನೂ ಬರೆಯುತ್ತೇನೆ. ಆದರೆ ಕಡಿಮೆ ಪ್ರಮಾಣದಲ್ಲಿ, ಕೆಲವೇ ವಾರಗಳಲ್ಲಿ ಮರುಪರಿಶೀಲನೆ ಮಾಡುವ ಷರತ್ತಿನೊಂದಿಗೆ. ಔಷಧ ಶುರುವಾಗಿ ಆರು ತಿಂಗಳಾದರೂ ಯಾರೂ ಕೇಳದಿದ್ದರೆ, ದಯವಿಟ್ಟು ನೀವೇ ಕೇಳಿ.

ಒಂದು ವಿಷಯದಲ್ಲಿ ಮಾತ್ರ ಪಟ್ಟಿ ಬರೆದು ಕಾಯಬೇಡಿ. ನಿನ್ನೆಯವರೆಗೆ ಹೀಗಿರದವರು ಇಂದು ಏಕಾಏಕಿ ಗೊಂದಲಗೊಂಡು ಅಲೆದಾಡತೊಡಗಿದರೆ, ಅಥವಾ ತೂಕಡಿಸತೊಡಗಿದರೆ, ಮೂತ್ರದ ಸೋಂಕೋ, ಮೂತ್ರ ಕಟ್ಟಿಕೊಂಡಿರುವುದೋ, ಹೊಸ ಔಷಧವೋ ಕಾರಣವಾಗಿರಬಹುದು. ಅಂಥವರನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು. ಇತ್ತೀಚೆಗೆ ಶೀತಕ್ಕೆಂದೋ ನಿದ್ದೆಗೆಂದೋ ಅಂಗಡಿಯಿಂದ ತಂದ ಮಾತ್ರೆಗಳಿದ್ದರೆ ಅವುಗಳ ಸ್ಟ್ರಿಪ್‌ಗಳನ್ನೂ ಜೊತೆಗೆ ತನ್ನಿ.