ಚಾಕೊಲೇಟ್ ಕೊಳ್ಳುವಾಗ ಮೊದಲು ಕೊಬ್ಬು ನೋಡಿ

ಚಾಕೊಲೇಟ್ ಬಾರಿನ ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ಕಾಣುವ ‘70% ಕೋಕೋ’ ಎಂಬ ಅಂಕಿಯಲ್ಲಿ ಎರಡು ಬೇರೆ ವಸ್ತುಗಳ ತೂಕ ಸೇರಿಕೊಂಡಿದೆ. ಹುರಿದು ಸಿಪ್ಪೆ ತೆಗೆದ ಕೋಕೋ ಬೀಜದ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಬರೀ ಕೊಬ್ಬು. ಅದೇ ಕೋಕೋ ಬೆಣ್ಣೆ. ಉಳಿದದ್ದು ಕಂದು ಬಣ್ಣದ ಪುಡಿಭಾಗ. ಕಹಿ, ಒಗರು, ಬಣ್ಣ ಎಲ್ಲವೂ ಇರುವುದು ಈ ಪುಡಿಯಲ್ಲೇ. ಬೀಜವನ್ನು ನುಣ್ಣಗೆ ಅರೆದಾಗ ಸಿಗುವ ಮುದ್ದೆಗೆ ಕೋಕೋ ಮಾಸ್ ಎನ್ನುತ್ತಾರೆ. ಅದಕ್ಕೆ ಮೇಲಿಂದ ಕೋಕೋ ಬೆಣ್ಣೆ ಬೆರೆಸಿದರೆ ಆ ಬೆಣ್ಣೆಯೂ 70ರ ಲೆಕ್ಕಕ್ಕೇ ಬರುತ್ತದೆ.

ಹಾಗಾಗಿ ಒಂದೇ ಅಂಕಿ ಹೊತ್ತ ಎರಡು ಡಾರ್ಕ್ ಬಾರ್‌ಗಳು ಬಾಯಲ್ಲಿ ಒಂದೇ ಥರ ಇರಬೇಕಿಲ್ಲ. ಎರಡರಲ್ಲೂ 100 ಗ್ರಾಂಗೆ ಸುಮಾರು 30 ಗ್ರಾಂ ಸಕ್ಕರೆ ಇದೆ ಎಂದುಕೊಳ್ಳಿ. ಪೋಷಕಾಂಶಗಳ ಪಟ್ಟಿಯಲ್ಲಿ ಒಂದರ ಒಟ್ಟು ಕೊಬ್ಬು 38 ಗ್ರಾಂ, ಇನ್ನೊಂದರದು 46 ಗ್ರಾಂ. ಸಾದಾ ಡಾರ್ಕ್ ಚಾಕೊಲೇಟಿನಲ್ಲಿ ಕೊಬ್ಬೆಲ್ಲ ಕೋಕೋ ಬೆಣ್ಣೆಯೇ ಆದ್ದರಿಂದ 70ರಿಂದ ಅದನ್ನು ಕಳೆದರೆ ಮೊದಲನೆಯದರಲ್ಲಿ 32 ಗ್ರಾಂ ಪುಡಿಭಾಗ, ಎರಡನೆಯದರಲ್ಲಿ 24 ಗ್ರಾಂ ಮಾತ್ರ ಉಳಿಯುತ್ತದೆ. ಮೊದಲನೆಯದು ಗಾಢ, ಕಹಿ, ಬಾಯಲ್ಲಿ ತುಸು ಒಣಒಣ. ಎರಡನೆಯದು ಮೃದುವಾಗಿ ಜಾರುತ್ತದೆ, ಕಹಿಯೂ ಕಡಿಮೆ. ಡಾರ್ಕ್ ಅಭ್ಯಾಸವಿಲ್ಲದವರಿಗೆ ಉಡುಗೊರೆ ಕೊಡುವುದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ದಿನಕ್ಕೊಂದೆರಡು ತುಂಡು ತಿಂದು ತೃಪ್ತಿಪಡುವವರಿಗೆ ಮೊದಲನೆಯದು ಸರಿ.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಒಳಗಿರುವ ಕೊಬ್ಬು ಕೋಕೋ ಬೆಣ್ಣೆಯಾಗಿದ್ದರೆ ಮಾತ್ರ. ಕೋಕೋ ಬೆಣ್ಣೆ ವಿಚಿತ್ರ ಶಿಸ್ತಿನ ಕೊಬ್ಬು. ಅದರ ಬಹುಪಾಲು ಅಣುಗಳು ಒಂದೇ ವಿನ್ಯಾಸದವು: ಎರಡು ತುದಿಗಳಲ್ಲಿ ಪಾಮಿಟಿಕ್ ಅಥವಾ ಸ್ಟಿಯರಿಕ್ ಆಮ್ಲ, ನಡುವೆ ಓಲಿಯಿಕ್ ಆಮ್ಲ. ಅಣುಗಳು ಹೀಗೆ ಒಂದನ್ನೊಂದು ಹೋಲುವುದರಿಂದ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ, ಬಿಸಿ ತಾಗಿದಾಗ ಹೆಚ್ಚುಕಡಿಮೆ ಒಟ್ಟಿಗೇ ಕರಗುತ್ತವೆ. ಆದರೆ ಅವು ಜೋಡಿಸಿಕೊಳ್ಳಬಲ್ಲ ಬಗೆಗಳು ಆರು. ಅವುಗಳಲ್ಲಿ ಐದನೆಯದು ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಕೋಣೆಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಚಾಕೊಲೇಟನ್ನು ಕರಗಿಸಿ, ತಣಿಸಿ, ಮತ್ತೆ ಹದವಾಗಿ ಬೆಚ್ಚಗೆ ಮಾಡುವ ಟೆಂಪರಿಂಗ್ ನಡೆಯುವುದು ಈ ಐದನೆಯ ರೂಪವನ್ನು ಪಡೆಯಲಿಕ್ಕೇ. ಮುರಿದಾಗ ಬರುವ ಟಕ್ ಎಂಬ ಸದ್ದು, ಮೇಲ್ಮೈಯ ಹೊಳಪು ಅದರ ಫಲ.

ಮಿಲ್ಕ್ ಚಾಕೊಲೇಟಿನಲ್ಲಿ ಹಾಲಿನ ಕೊಬ್ಬು ನಡುವೆ ಬಂದು ಈ ಜೋಡಣೆಯನ್ನು ಸ್ವಲ್ಪ ಸಡಿಲಿಸುತ್ತದೆ. ಅದಕ್ಕೇ ಅದು ಡಾರ್ಕ್‌ಗಿಂತ ಬೇಗ ಮೆತ್ತಗಾಗುವುದು. ಅಂತರರಾಷ್ಟ್ರೀಯ ಆಹಾರ ಮಾನದಂಡ ಕೋಡೆಕ್ಸ್ ಪ್ರಕಾರ ಮಿಲ್ಕ್ ಚಾಕೊಲೇಟಿನಲ್ಲಿ ಕೋಕೋ ಅಂಶ ಕನಿಷ್ಠ 25% ಇರಬೇಕು. ಅಮೆರಿಕದ ನಿಯಮಕ್ಕೆ 10% ಕೋಕೋ ಮಾಸ್ ಇದ್ದರೂ ಸಾಕು. ತೂಕದ ಅರ್ಧದಷ್ಟು ಸಕ್ಕರೆಯೇ ಇರುವ ಮಿಲ್ಕ್ ಬಾರ್‌ಗಳು ಸಾಮಾನ್ಯ. ಹಾಲಿನ ರುಚಿಯೇ ಬೇಕೆನ್ನುವವರು ದಿನನಿತ್ಯಕ್ಕೆ 40%ರ ಆಸುಪಾಸಿನಲ್ಲಿ ಕೋಕೋ ಇರುವ ಮಿಲ್ಕ್ ಚಾಕೊಲೇಟ್ ಹುಡುಕಿದರೆ ಸಿಹಿಯ ಅಡಿಯಲ್ಲಿ ಹೂತುಹೋಗಿದ್ದ ಕೋಕೋ ರುಚಿ ಮೇಲೆ ಬರುತ್ತದೆ.

ಕಾಂಪೌಂಡ್ ಚಾಕೊಲೇಟಿನ ದಾರಿ ಬೇರೆ. ಅದರಲ್ಲಿ ದುಬಾರಿ ಕೋಕೋ ಬೆಣ್ಣೆಯ ಜಾಗಕ್ಕೆ ಬೇರೆ ಸಸ್ಯಜನ್ಯ ಕೊಬ್ಬು ಬರುತ್ತದೆ, ಹೆಚ್ಚಾಗಿ ಹೈಡ್ರೋಜನೀಕರಿಸಿದ ತಾಳೆಬೀಜದ ಎಣ್ಣೆ. ಇದಕ್ಕೆ ಟೆಂಪರಿಂಗ್ ಬೇಡ. ಕರಗಿಸಿ ಅದ್ದಿ ಆರಲು ಬಿಟ್ಟರೆ ತಾನೇ ಹೊಳಪಾಗಿ ಗಟ್ಟಿಯಾಗುತ್ತದೆ. ಬಿಸ್ಕತ್ತು, ಕೇಕುಗಳ ಮೇಲ್ಹೊದಿಕೆಗೆ ಇದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಕರಗುವ ಬಿಂದುವನ್ನು ಏರಿಸಿ ತಯಾರಿಸಿದ ಬಗೆಗಳು ಮಾತ್ರ ಬಾಯಲ್ಲಿ ಪೂರ್ತಿ ಕರಗದೆ ಅಂಗುಳಿಗೆ ಮೇಣದಂತೆ ಅಂಟುತ್ತವೆ.

ಇದನ್ನು ಗುರುತಿಸುವುದು ಹೇಗೆ? ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಸಕ್ಕರೆಯ ಬೆನ್ನಿಗೇ ‘ಸಸ್ಯಜನ್ಯ ಕೊಬ್ಬು’, ಆಮೇಲೆ ‘ಕೋಕೋ ಪುಡಿ’ ಎಂದು ಬಂದು, ಕೋಕೋ ಮಾಸ್ ಮತ್ತು ಕೋಕೋ ಬೆಣ್ಣೆಯ ಹೆಸರೇ ಇಲ್ಲದಿದ್ದರೆ ಅದು ಕಾಂಪೌಂಡ್. ಪೋಷಕಾಂಶಗಳ ಪಟ್ಟಿಯೂ ಸಾಕ್ಷಿ ಹೇಳುತ್ತದೆ. ಕೋಕೋ ಬೆಣ್ಣೆಯ ಸುಮಾರು 60% ಸ್ಯಾಚುರೇಟೆಡ್. ಹೈಡ್ರೋಜನೀಕರಿಸಿದ ತಾಳೆಬೀಜದ ಕೊಬ್ಬು ಹತ್ತಿರ ಹತ್ತಿರ ಪೂರ್ತಿ ಸ್ಯಾಚುರೇಟೆಡ್. ಒಟ್ಟು ಕೊಬ್ಬು 30 ಗ್ರಾಂ ಇದ್ದು ಅದರಲ್ಲಿ ಸ್ಯಾಚುರೇಟೆಡ್ 18 ಎಂದಿದ್ದರೆ ಕೋಕೋ ಬೆಣ್ಣೆಗೆ ಹೊಂದುವ ಲೆಕ್ಕ, 28 ಎಂದಿದ್ದರೆ ತಾಳೆಬೀಜದ್ದು. ಬಾದಾಮಿ, ಹೇಜಲ್‌ನಟ್ ತುಂಬಿದ ಬಾರ್‌ಗೆ ಈ ಪರೀಕ್ಷೆ ಸಲ್ಲದು, ಏಕೆಂದರೆ ಬೀಜಗಳ ಎಣ್ಣೆ ಲೆಕ್ಕವನ್ನು ಕೆಳಗೆಳೆಯುತ್ತದೆ. ಕೋಕೋ ಬೆಣ್ಣೆಯನ್ನೇ ಹೋಲುವಂತೆ ಬೇರ್ಪಡಿಸಿದ ತಾಳೆ ಎಣ್ಣೆಯ ಭಾಗ, ಶಿಯಾ, ಸಾಲ್ ಮುಂತಾದವುಗಳೂ ಇದಕ್ಕೆ ಸಿಕ್ಕಿಬೀಳುವುದಿಲ್ಲ. ಐರೋಪ್ಯ ಒಕ್ಕೂಟ ಇಂಥ ಆರು ಸಸ್ಯ ಕೊಬ್ಬುಗಳನ್ನು 5%ವರೆಗೆ ಸೇರಿಸಿದರೂ ‘ಚಾಕೊಲೇಟ್’ ಎನ್ನಲು 2000ದಲ್ಲಿ ಒಪ್ಪಿತು. ಆದರೆ ಆ ವಿಷಯ ಹೊದಿಕೆಯ ಮೇಲೆ ಬರೆದಿರಲೇಬೇಕು.

ದಿನವೂ ತಿನ್ನುವವರಿಗೆ ಈ ವ್ಯತ್ಯಾಸ ದೇಹದ ಲೆಕ್ಕದಲ್ಲೂ ಮುಖ್ಯ. ಕೋಕೋ ಬೆಣ್ಣೆಯ ಮೂರನೇ ಒಂದರಷ್ಟು ಸ್ಟಿಯರಿಕ್ ಆಮ್ಲ. ಇದು ಸ್ಯಾಚುರೇಟೆಡ್ ಆಗಿದ್ದರೂ ಎಲ್‌ಡಿಎಲ್ ಕೊಲೆಸ್ಟರಾಲನ್ನು ಉಳಿದ ಸ್ಯಾಚುರೇಟೆಡ್ ಆಮ್ಲಗಳ ಹಾಗೆ ಏರಿಸುವುದಿಲ್ಲ. ತಾಳೆಬೀಜದ ಕೊಬ್ಬಿನಲ್ಲಿ ಹೆಚ್ಚಿರುವ ಲಾರಿಕ್ ಆಮ್ಲ ಏರಿಸುತ್ತದೆ. ಕೋಕೋ ಬೆಣ್ಣೆಯೂ ಕ್ಯಾಲೊರಿಯಲ್ಲಿ ಹಗುರವೇನಲ್ಲ, ಕೊಬ್ಬು ಯಾವುದಾದರೂ ಗ್ರಾಂಗೆ ಒಂಬತ್ತು.

ಮನೆಯಲ್ಲಿ ಉಡುಗೊರೆಗೆಂದು ಚಾಕೊಲೇಟ್ ಅಚ್ಚು ಹಾಕುವವರು ಹೆಚ್ಚಾಗಿ ಎಡವುವುದು ಒಂದು ಕಡೆ. ರುಚಿಗೆ ಒಳ್ಳೆಯ ಡಾರ್ಕ್, ಸುಲಭಕ್ಕೆ ಕಾಂಪೌಂಡ್ ಎಂದು ಅರ್ಧರ್ಧ ಕರಗಿಸಿ ಬೆರೆಸುತ್ತಾರೆ. ಮೊದಲ ದಿನ ಎಲ್ಲ ಚೆನ್ನಾಗಿರುತ್ತದೆ. ಆದರೆ ಲಾರಿಕ್ ಆಮ್ಲದ ಸರಪಳಿಯಲ್ಲಿ 12 ಕಾರ್ಬನ್, ಸ್ಟಿಯರಿಕ್‌ನದರಲ್ಲಿ 18. ಎರಡು ಅಳತೆಯ ಇಟ್ಟಿಗೆಗಳನ್ನು ಒಂದೇ ಸಾಲಿನಲ್ಲಿ ಇಟ್ಟು ಗೋಡೆ ಕಟ್ಟಿದ ಹಾಗೆ, ಜೋಡಣೆ ಕೂಡುವುದಿಲ್ಲ. ಮಿಶ್ರಣ ಎರಡಕ್ಕಿಂತಲೂ ಕಡಿಮೆ ಬಿಸಿಯಲ್ಲೇ ಮೆತ್ತಗಾಗುತ್ತದೆ, ಕೆಲವು ವಾರಗಳಲ್ಲಿ ಮೇಲೆ ಬಿಳಿ ಪೊರೆ ಏಳುತ್ತದೆ. ಕಾಂಪೌಂಡ್ ತಯಾರಕರು ಕೋಕೋ ಮಾಸ್ ಬಿಟ್ಟು ಬೆಣ್ಣೆ ಹಿಂಡಿ ತೆಗೆದ ಕೋಕೋ ಪುಡಿಯನ್ನು ಬಳಸುವುದೂ ಈ ಕಾರಣಕ್ಕೇ. ಆದ್ದರಿಂದ ಎರಡರಲ್ಲಿ ಒಂದನ್ನೇ ಆರಿಸಿ. ರುಚಿ ಬೇಕಿದ್ದರೆ ಟೆಂಪರಿಂಗ್ ಕಲಿಯುವುದೇ ದಾರಿ.

ಉಡುಗೊರೆ ದೂರ ಹೋಗಬೇಕಿದ್ದರೆ, ದಾರಿಯಲ್ಲಿ ಬಿಸಿಲು ತಾಗುವಂತಿದ್ದರೆ ಮಿಲ್ಕ್‌ಗಿಂತ ಡಾರ್ಕ್ ತಾಳಿಕೊಳ್ಳುತ್ತದೆ. ಆದರೆ ಒಮ್ಮೆ ಕರಗಿ ತಾನಾಗಿ ಗಟ್ಟಿಯಾದ ಚಾಕೊಲೇಟ್ ಹದ ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಪೊರೆಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ. ಬೆರಳಿನ ಬಿಸಿಗೆ ಕರಗಿ ಮಾಯವಾದರೆ ಅದು ಮೇಲೆ ಬಂದ ಕೊಬ್ಬು. ಮಾಯವಾಗದೆ ತರಿತರಿಯಾಗಿ ಸಿಕ್ಕರೆ ಅದು ಸಕ್ಕರೆ, ಫ್ರಿಜ್ಜಿನಿಂದ ತೆಗೆದ ಬಾರ್ ಮೇಲೆ ತೇವ ಕೂತು, ಸಕ್ಕರೆಯನ್ನು ಕರಗಿಸಿ, ಆರಿದ್ದರ ಗುರುತು. ಎರಡೂ ಅಪಾಯಕಾರಿಯಲ್ಲ. 15ರಿಂದ 18 ಡಿಗ್ರಿಯ ಒಣ ಜಾಗ ಒಳ್ಳೆಯದು. ಅದು ಸಿಗದೆ ಫ್ರಿಜ್ಜಿನಲ್ಲೇ ಇಡಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬೇಡಿ.