ಎದೆಪಟ್ಟಿಯನ್ನು ವಾಚ್‌ಗೆ ಜೋಡಿಸುವುದು, ಮಣಿಕಟ್ಟಿನ ಓದನ್ನು ನಂಬಬಾರದ ಹೊತ್ತು: ಅಧ್ಯಯನ ಟಿಪ್ಪಣಿ

ವಾಚ್‌ನ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪ ನೋಡುವುದು ಹೃದಯವನ್ನಲ್ಲ, ಚರ್ಮದ ಕೆಳಗಿನ ರಕ್ತವನ್ನು. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ತುಸು ಹೆಚ್ಚುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನೇ ವಾಚ್ ಎಣಿಸುತ್ತದೆ. ತೊಂದರೆ ಏನೆಂದರೆ, ಕೈ ಅಲುಗಿದರೂ ಬೆಳಕು ಹಾಗೆಯೇ ಏರಿಳಿಯುತ್ತದೆ. ಯಾವುದು ಬಡಿತ, ಯಾವುದು ಅಲುಗಾಟ ಎಂದು ಬೇರ್ಪಡಿಸಲು ವಾಚ್ ಕೆಲವು ಸೆಕೆಂಡುಗಳ ಓದನ್ನು ಒಟ್ಟುಗೂಡಿಸಿ ನೋಡಬೇಕಾಗುತ್ತದೆ. ಎದೆಪಟ್ಟಿಗೆ ಈ ಗೋಜಿಲ್ಲ. ಅದರ ಎರಡು ಎಲೆಕ್ಟ್ರೋಡುಗಳು ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತವೆ, ಒಂದು ಬಡಿತದಿಂದ ಇನ್ನೊಂದಕ್ಕೆ ಎಷ್ಟು ಮಿಲಿಸೆಕೆಂಡು ಎಂದು ಅಳೆಯುತ್ತವೆ.

ಹಾಗಾಗಿ ಒಂದೇ ವೇಗದ ನಿಧಾನ ಓಟಕ್ಕೆ, ನಡಿಗೆಗೆ, ನಿದ್ದೆಗೆ ಮಣಿಕಟ್ಟಿನ ಓದು ಸಾಕು. ಬಡಿತ ಬೇಗ ಬೇಗ ಬದಲಾಗುವಾಗ ಅಥವಾ ಕೈ ನೆಮ್ಮದಿಯಾಗಿಲ್ಲದಾಗ ಪಟ್ಟಿ ಬೇಕು.

ಇಂಟರ್ವಲ್‌ನಲ್ಲಿ ಏನಾಗುತ್ತದೆ

ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ, ಹೀಗೆ ಆರು ಸುತ್ತು ಎಂದುಕೊಳ್ಳಿ. ಬಡಿತಕ್ಕೆ ತಕ್ಕಂತೆ ವಾಚ್ ಶ್ರಮವನ್ನು ವಲಯಗಳಾಗಿ ಹಂಚುತ್ತದೆ; ಓಡುವವರ ನಾಲ್ಕನೇ ವಲಯ 160ರಿಂದ ಶುರು. ಇದು ವಿವರಿಸಲೆಂದು ಹಾಕಿದ ಲೆಕ್ಕ, ಆದರೆ ಗ್ರಾಫ್‌ಗಳಲ್ಲಿ ಕಾಣುವ ಆಕಾರ ಇದೇ. ಜೋರು ಶುರುವಾದಾಗ ಬಡಿತ 125. ಮೂವತ್ತನೇ ಸೆಕೆಂಡಿಗೆ ಪಟ್ಟಿ 150 ತೋರಿಸುತ್ತದೆ, ಮಣಿಕಟ್ಟು ಇನ್ನೂ 134ರಲ್ಲಿದೆ. ನಿಮಿಷ ಮುಗಿಯುವಾಗ ಪಟ್ಟಿಯಲ್ಲಿ 170, ಮಣಿಕಟ್ಟಿನಲ್ಲಿ 156. ಓಟಗಾರ ನಿಧಾನಕ್ಕೆ ಇಳಿದ ಮೇಲೂ ಮಣಿಕಟ್ಟಿನ ಅಂಕಿ ಏರುತ್ತಲೇ ಇದ್ದು, ವಿಶ್ರಾಂತಿಯ ಇಪ್ಪತ್ತನೇ ಸೆಕೆಂಡಿನಲ್ಲಿ 165 ಮುಟ್ಟುತ್ತದೆ. ಅಂದರೆ ಶಿಖರ ತಗ್ಗಿದೆ, ಜೊತೆಗೆ ತಪ್ಪು ಜಾಗದಲ್ಲಿ ಕೂತಿದೆ: ಜೋರಿನ ನಿಮಿಷವಿಡೀ ನಾಲ್ಕನೇ ವಲಯ ಮುಟ್ಟಲೇ ಇಲ್ಲ ಎಂದು ದಾಖಲೆ ಹೇಳುತ್ತದೆ. ಅದನ್ನು ನಂಬಿ ಮುಂದಿನ ಸುತ್ತನ್ನು ಇನ್ನೂ ಜೋರಾಗಿ ಓಡಿದರೆ ನಾಲ್ಕನೇ ಸುತ್ತಿಗೇ ಕಾಲು ಸೋಲುತ್ತದೆ.

ಒಂದು ಮಿತಿ ನೆನಪಿರಲಿ. ಪಟ್ಟಿ ಸರಿಪಡಿಸುವುದು ಸೆನ್ಸರಿನ ವಿಳಂಬವನ್ನು ಮಾತ್ರ. ಹೃದಯವೇ ಶ್ರಮಕ್ಕೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಹದಿನೈದು-ಇಪ್ಪತ್ತು ಸೆಕೆಂಡಿನ ಸ್ಪ್ರಿಂಟ್‌ನಲ್ಲಿ ಬಡಿತ ನೋಡಿ ಶ್ರಮ ನಿರ್ಧರಿಸಲು ಪಟ್ಟಿಯಿದ್ದರೂ ಆಗದು. ಅಲ್ಲಿ ಓಟಕ್ಕೆ ವೇಗ, ಸೈಕಲ್ಲಿಗೆ ಪವರ್ ಮೀಟರ್.

ಇನ್ನೊಂದು ತಪ್ಪು ಇನ್ನೂ ಮೋಸದ್ದು. ಓಡುವಾಗ ನಿಮಿಷಕ್ಕೆ 165–175 ಹೆಜ್ಜೆ ಬೀಳುತ್ತವೆ, ಕೈಯೂ ಅದೇ ಲಯಕ್ಕೆ ಅಲುಗುತ್ತದೆ. ವಾಚ್ ಆ ಲಯವನ್ನೇ ಬಡಿತ ಎಂದು ಎಣಿಸತೊಡಗುತ್ತದೆ. ಓಟಗಾರರು ಇದನ್ನು ಕೇಡೆನ್ಸ್ ಲಾಕ್ ಎನ್ನುತ್ತಾರೆ. ಪೂರ್ತಿ ವಾಕ್ಯ ಆಡುತ್ತಾ ಆರಾಮಾಗಿ ಓಡುತ್ತಿದ್ದೀರಿ, ವಾಚ್ 170 ಎನ್ನುತ್ತಿದೆ ಎಂದರೆ ಅನುಮಾನಿಸಿ. ಮನೆಗೆ ಬಂದು ಬಡಿತದ ಗೆರೆಯ ಮೇಲೆ ಹೆಜ್ಜೆಯ ಗೆರೆಯನ್ನು ಇಟ್ಟು ನೋಡಿ. ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಸಾಗಿದ್ದರೆ ಅದು ಹೃದಯದ ಲೆಕ್ಕವಲ್ಲ.

ಸೈಕಲ್ಲಿನಲ್ಲಿ ಹೆಜ್ಜೆಯಿಲ್ಲ, ಆದರೆ ಹ್ಯಾಂಡಲ್ ಹಿಡಿದ ಮಣಿಕಟ್ಟು ಬಾಗಿರುತ್ತದೆ, ರಸ್ತೆಯ ನಡುಕ ನೇರ ಅಲ್ಲಿಗೇ ಬರುತ್ತದೆ. ಚಳಿಗಾಲದ ಮುಂಜಾನೆ ನಂದಿಬೆಟ್ಟ ಇಳಿಯುವಾಗ ಇವೆಲ್ಲ ಒಟ್ಟಿಗೆ ಸೇರುತ್ತವೆ: ಗಾಳಿಗೆ ಕೈ ತಣ್ಣಗಾಗಿ ಚರ್ಮಕ್ಕೆ ರಕ್ತ ಕಡಿಮೆ, ಬೆರಳು ಬ್ರೇಕ್ ಮೇಲೆ ಬಿಗಿ, ತಿರುವಿಗೊಂದು ಕುಲುಕು. ಅಲ್ಲಿ ಮಣಿಕಟ್ಟಿನ ಗೆರೆ ತುಂಡು ತುಂಡಾಗುವುದು ಸಹಜ.

ಜೋಡಿಸುವ ಕ್ರಮ

ಮೊದಲು ಪಟ್ಟಿ ಮೈಮೇಲೆ ಬರಲಿ, ಮೆನು ಆಮೇಲೆ. ಹೆಚ್ಚಿನ ಪಟ್ಟಿಗಳು ಚರ್ಮದ ಸಂಪರ್ಕ ಸಿಕ್ಕಾಗ ಮಾತ್ರ ಎಚ್ಚರಗೊಳ್ಳುತ್ತವೆ. ಮೇಜಿನ ಮೇಲಿಟ್ಟು ಹುಡುಕಿದರೆ ವಾಚ್‌ಗೆ ಏನೂ ಕಾಣದು. ಪಟ್ಟಿಯ ಒಳಬದಿಯ ನುಣುಪಾದ ಎರಡು ಭಾಗಗಳೇ ಎಲೆಕ್ಟ್ರೋಡುಗಳು. ಅವೆರಡನ್ನೂ ನೀರಿನಿಂದ ಒದ್ದೆ ಮಾಡಿ, ಎದೆಯ ಸ್ನಾಯುಗಳ ಕೆಳಗೆ, ಬ್ಯಾಟರಿ ಇರುವ ಪುಟ್ಟ ಪಾಡ್ ಮಧ್ಯಕ್ಕೆ ಬರುವಂತೆ ಕಟ್ಟಿ. ಆಳವಾಗಿ ಉಸಿರೆಳೆದಾಗ ಜಾರಬಾರದು, ಉಸಿರು ಕಟ್ಟಲೂಬಾರದು.

ಅನೇಕ ಗಾರ್ಮಿನ್ ವಾಚ್‌ಗಳಲ್ಲಿ ಸೆಟ್ಟಿಂಗ್ಸ್‌ನೊಳಗೆ `Sensors & Accessories`, ಅದರಲ್ಲಿ `Add New` ಆರಿಸಬೇಕು. ಬೇರೆ ಕಂಪನಿಗಳಲ್ಲಿ ಹೆಸರು ಬದಲಾಗುತ್ತದೆ, ದಾರಿ ಹೀಗೆಯೇ. ವಾಚ್ ಪಟ್ಟಿಯಿಂದ ಮೂರು ಮೀಟರಿನೊಳಗಿರಲಿ. ಬೇರೆ ಸವಾರರ ಸೆನ್ಸರುಗಳಿಂದ ಹತ್ತು ಮೀಟರ್ ದೂರ ನಿಂತು ಮಾಡಿ. ಗುಂಪಿನಲ್ಲಿ ನಿಂತು ಪೇರ್ ಮಾಡಿದರೆ ಪಕ್ಕದವರ ಎದೆಬಡಿತ ನಿಮ್ಮ ವಾಚ್‌ಗೆ ಬರಬಹುದು.

ಹೆಚ್ಚು ಜನ ಎಡವುವುದು ಬ್ಲೂಟೂತ್‌ನಲ್ಲಿ. ಪಟ್ಟಿ ಓದನ್ನು ಕಳಿಸುವ ಇನ್ನೊಂದು ನಿಸ್ತಂತು ದಾರಿಯಾದ ಆ್ಯಂಟ್ ಪ್ಲಸ್ ರೇಡಿಯೋ ಪ್ರಸಾರದಂತೆ, ಎಷ್ಟು ಸಾಧನಗಳು ಬೇಕಾದರೂ ಒಟ್ಟಿಗೆ ಕೇಳಬಹುದು. ಬ್ಲೂಟೂತ್ ಹಾಗಲ್ಲ: ಹಳೆಯ ಪಟ್ಟಿಗಳು ಒಂದು ಸಾಧನಕ್ಕೆ ಮಾತ್ರ ಕೈ ಚಾಚುತ್ತವೆ, ಪೋಲಾರ್ ಎಚ್10ನಂಥವು ಎರಡಕ್ಕೆ. ಫೋನಿನ ಯಾವುದೋ ಆ್ಯಪ್ ಮೊದಲೇ ಆ ಕೈ ಹಿಡಿದಿದ್ದರೆ ವಾಚ್ ಎಷ್ಟು ಹುಡುಕಿದರೂ ಸಿಗದು. ಫೋನಿನ ಬ್ಲೂಟೂತ್ ಆಫ್ ಮಾಡಿ, ವಾಚ್‌ನಲ್ಲಿ ಮತ್ತೆ ಹುಡುಕಿ. ಆ್ಯಪಲ್ ವಾಚ್‌ಗೆ ಆ್ಯಂಟ್ ಪ್ಲಸ್ ಇಲ್ಲ, ಆದ್ದರಿಂದ ಅದನ್ನು ಬಳಸುವವರು ಬ್ಲೂಟೂತ್ ಇರುವ ಪಟ್ಟಿಯನ್ನೇ ಕೊಳ್ಳಬೇಕು.

ಪರದೆಯ ಮೇಲಿನ ಅಂಕಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಚಟುವಟಿಕೆ ಶುರು ಮಾಡಿ, ವಾಚ್ ಬಿಚ್ಚಿ, ಅದರ ಹಿಂಬದಿ ಯಾವುದಕ್ಕೂ ತಾಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಅರ್ಧ ನಿಮಿಷ ಕಳೆದರೂ ಬಡಿತ ನಿಲ್ಲದೆ ಬದಲಾಗುತ್ತಿದ್ದರೆ ಅದು ಪಟ್ಟಿಯದೇ.

ಸೈಕಲ್ಲಿನ ವೇಗದ ಸೆನ್ಸರ್ ಚಕ್ರದ ಹಬ್‌ಗೆ, ಪೆಡಲ್ ಸುತ್ತು ಎಣಿಸುವ ಕೇಡೆನ್ಸ್ ಸೆನ್ಸರ್ ಎಡ ಕ್ರ್ಯಾಂಕ್‌ನ ಒಳಬದಿಗೆ. ಪೆಡಲನ್ನು ಕೆಲವು ಸುತ್ತು ತಿರುಗಿಸಿ ಎಬ್ಬಿಸಿ, ಆಮೇಲೆ ಹುಡುಕಿ. ವೇಗದ ಸೆನ್ಸರಿಗೆ ಚಕ್ರದ ಸುತ್ತಳತೆ ಸರಿಯಿರಬೇಕು: 700x28 ಟೈರಿಗೆ ಸುಮಾರು 2136 ಮಿ.ಮೀ., 700x23ಕ್ಕೆ 2096. ದಪ್ಪ ಟೈರ್ ಹಾಕಿ ಹಳೆಯ ಅಂಕಿಯನ್ನೇ ಉಳಿಸಿದರೆ 40 ಕಿ.ಮೀ. ಸವಾರಿ ಸುಮಾರು 39.25 ಎಂದು ದಾಖಲಾಗುತ್ತದೆ.

ಪಟ್ಟಿಯೂ ತಪ್ಪುವುದುಂಟು

ಓಟದ ಮೊದಲ ಐದು ನಿಮಿಷ 200 ದಾಟಿ ಕುಣಿದು, ಬೆವರಿದ ಮೇಲೆ ತಾನಾಗಿ ಸರಿಹೋದರೆ ಕಾರಣ ಒಣ ಎಲೆಕ್ಟ್ರೋಡ್, ಅಥವಾ ಒಣ ಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ಉಜ್ಜಿ ಹುಟ್ಟುವ ಸ್ಥಾಯಿ ವಿದ್ಯುತ್. ನೀರು ಸಾಲದಿದ್ದರೆ ಎಲೆಕ್ಟ್ರೋಡ್ ಜೆಲ್ ಹಚ್ಚಿ. ಓಟದುದ್ದಕ್ಕೂ ಅಂಕಿ ಬಂದು ಹೋಗುತ್ತಿದ್ದರೆ ಬ್ಯಾಟರಿ ನೋಡಿ; ಬಹಳಷ್ಟು ಪಟ್ಟಿಗಳಲ್ಲಿ ಇರುವುದು ಸಿಆರ್ 2032 ಬಿಲ್ಲೆ. ಬಳಸಿದ ಮೇಲೆ ಪಾಡನ್ನು ಪಟ್ಟಿಯಿಂದ ಕಳಚಿಡದಿದ್ದರೆ, ಒದ್ದೆ ಪಟ್ಟಿಯನ್ನೇ ಮೈ ಎಂದುಕೊಂಡು ಅದು ಎಚ್ಚರವಾಗಿಯೇ ಇದ್ದು ಬಿಲ್ಲೆಯನ್ನು ತಿನ್ನುತ್ತದೆ. ಬ್ಯಾಟರಿಯೂ ಹೊಸದು, ಒದ್ದೆಯೂ ಸರಿಯಿದೆ, ಆದರೂ ಓದು ಹದಗೆಟ್ಟಿದೆ ಎಂದಾದರೆ ಉಪ್ಪು ಕಟ್ಟಿದ ಬಟ್ಟೆಯನ್ನು ತೊಳೆಯಿರಿ. ಪಟ್ಟಿ ಸವೆದಿದ್ದರೆ ಪಾಡ್ ಉಳಿಸಿಕೊಂಡು ಬಟ್ಟೆಯನ್ನಷ್ಟೇ ಬದಲಿಸಬಹುದು.

ಇಂಥ ಒಂದು ಸುಳ್ಳು ಶಿಖರ ಬಂದ ದಿನ ವಾಚ್‌ನ ಗರಿಷ್ಠ ಬಡಿತದ ಸೆಟ್ಟಿಂಗ್ ತೆರೆದು ನೋಡಲೇಬೇಕು. ತಾನಾಗಿ ಗುರುತಿಸುವ ಆಯ್ಕೆ ಆನ್ ಇದ್ದರೆ 188ರ ಜಾಗದಲ್ಲಿ 207 ಕೂತಿರಬಹುದು. ಆಗ ವಲಯಗಳೆಲ್ಲ ಮೇಲಕ್ಕೆ ಸರಿಯುತ್ತವೆ: 80 ಶೇಕಡಾದ ಗೆರೆ 150ರಿಂದ 166ಕ್ಕೆ ಹೋಗುತ್ತದೆ, ನಿಜವಾಗಿ ಕಠಿಣವಾದ ಓಟವನ್ನು ವಾಚ್ ವಾರಗಟ್ಟಲೆ ಸುಲಭ ಎಂದೇ ಬರೆದುಕೊಳ್ಳುತ್ತದೆ. ಹಳೆಯ ಅಂಕಿಯನ್ನು ಕೈಯಿಂದ ತುಂಬಿ, ಆ ಆಯ್ಕೆಯನ್ನು ಆಫ್ ಮಾಡಿ.